ವೇಗಮಿತಿ ನೆನಪಿಡಲು ಮೂರು ಇಳಿಲೆಕ್ಕ

ಎಲ್‌ಎಲ್‌ಆರ್‌ ಪರೀಕ್ಷೆಗೆ ಓದುವವರು ವೇಗಮಿತಿಯ ಕೋಷ್ಟಕವನ್ನು ಬಾಯಿಪಾಠ ಮಾಡುತ್ತಾರೆ, ಮರುವಾರ ಮರೆಯುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯ 2018ರ ಏಪ್ರಿಲ್‌ 6ರಂದು ಹೊರಡಿಸಿದ ಅಧಿಸೂಚನೆಯ ಅಂಕಿಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿಕೊಂಡರೆ ಉರು ಹೊಡೆಯುವುದೇ ಬೇಡ.

ಮೊದಲು ರಸ್ತೆ ಯಾವುದೆಂದು ನೋಡಿ. ಅಡ್ಡರಸ್ತೆಗಳಿಲ್ಲದ, ನಿಗದಿತ ಜಾಗದಲ್ಲಷ್ಟೇ ಹತ್ತಿ ಇಳಿಯಬಹುದಾದ ಎಕ್ಸ್‌ಪ್ರೆಸ್‌ ವೇ ಒಂದು ಬಗೆ. ನಡುವೆ ಡಿವೈಡರ್ ಇರುವ, ನಾಲ್ಕು ಅಥವಾ ಹೆಚ್ಚು ಪಥಗಳ ಹೆದ್ದಾರಿ ಇನ್ನೊಂದು. ಊರೊಳಗಿನ ರಸ್ತೆ ಮತ್ತು ಉಳಿದೆಲ್ಲ ರಸ್ತೆಗಳು ಕೋಷ್ಟಕದಲ್ಲಿ ಬೇರೆ ಬೇರೆ ಇದ್ದರೂ ಎರಡಕ್ಕೂ ಮಿತಿ ಒಂದೇ. ಹಾಗಾಗಿ ನೆನಪಿಗೆ ಮೂರೇ ಬಗೆ ಸಾಕು.

ಈಗ ಅಂಕಿಗಳು. ಕೊನೆಯ ಸೊನ್ನೆ ಬಿಟ್ಟು, ಕಾರು, ಬಸ್ಸು, ಲಾರಿ ಎಂಬ ಕ್ರಮದಲ್ಲಿ ಹೇಳಿಕೊಳ್ಳಿ. ಎಕ್ಸ್‌ಪ್ರೆಸ್‌ ವೇಯಲ್ಲಿ ಹನ್ನೆರಡು, ಹತ್ತು, ಎಂಟು. ಅಂದರೆ ಗಂಟೆಗೆ 120, 100, 80 ಕಿ.ಮೀ. ಡಿವೈಡರ್ ಇರುವ ಹೆದ್ದಾರಿಯಲ್ಲಿ ಹತ್ತು, ಒಂಬತ್ತು, ಎಂಟು. ಉಳಿದ ರಸ್ತೆಗಳಲ್ಲಿ ಏಳು, ಆರು, ಐದು. ಮೂರೂ ಇಳಿಯುವ ಲೆಕ್ಕಗಳೇ.

ಎಡವುವುದು ಮೂರನೆಯದರಲ್ಲಿ. ಅಲ್ಲಿ ಏಳು ಕಾರಿಗೆ, ಆರು ಬಸ್ಸು, ಲಾರಿ, ಬೈಕ್ ಮೂರಕ್ಕೂ, ಐದು ಆಟೊಗೆ. ಹೆದ್ದಾರಿಯಲ್ಲಿ ಲಾರಿಗಿಂತ ಒಂದು ಮೆಟ್ಟಿಲು ಮೇಲಿದ್ದ ಬಸ್ಸು ಇಲ್ಲಿ ಅದರ ಪಕ್ಕಕ್ಕೇ ಇಳಿಯುತ್ತದೆ. ಬೈಕನ್ನು ಎಲ್ಲಿಯೂ ಪ್ರತ್ಯೇಕವಾಗಿ ನೆನಪಿಡಬೇಕಿಲ್ಲ, ಲಾರಿಗೆ ಎಷ್ಟೋ ಬೈಕಿಗೂ ಅಷ್ಟೇ. ಆಟೊ ಇನ್ನೂ ಸುಲಭ: ಹೆದ್ದಾರಿಯಲ್ಲೂ 50, ಗಲ್ಲಿಯಲ್ಲೂ 50, ಎಕ್ಸ್‌ಪ್ರೆಸ್‌ ವೇಗೆ ಅದಕ್ಕೆ ಅಂಕಿಯೇ ಇಲ್ಲ.

ವಾಹನದ ವರ್ಗ ತೀರ್ಮಾನಿಸುವಾಗ ಅದರ ಆಕಾರ ನಂಬಬೇಡಿ, ಸೀಟು ಎಣಿಸಿ. ಚಾಲಕನನ್ನು ಬಿಟ್ಟು ಎಂಟು ಸೀಟಿನವರೆಗೆ ಕಾರಿನ ಸಾಲು, ಒಂಬತ್ತನೆಯ ಸೀಟಿನಿಂದ ಬಸ್ಸಿನ ಸಾಲು. ಇನೋವಾ ಕಾರು. ಮದುವೆಗೆ ಬಾಡಿಗೆಗೆ ತರುವ ಹನ್ನೆರಡು ಸೀಟಿನ ಟಿ.ಟಿ. ಮಿತಿಯ ಲೆಕ್ಕದಲ್ಲಿ ಬಸ್ಸು. ಮುಂದಿನಿಂದ ಜೀಪಿನಂತೆ ಕಾಣುವ ಪಿಕಪ್ ಸರಕು ವಾಹನವಾದ್ದರಿಂದ ಲಾರಿಯ ಜೊತೆ.

ಮೂವರು ನೆಂಟರು ಬೆಂಗಳೂರಿನಿಂದ ಹಿರಿಯೂರಿನ ಕಡೆ ಹೊರಟಿದ್ದಾರೆ ಎನ್ನಿ, ಒಬ್ಬರು ಇನೋವಾದಲ್ಲಿ, ಒಬ್ಬರು ಟಿ.ಟಿ.ಯಲ್ಲಿ, ಇನ್ನೊಬ್ಬರು ಪಾತ್ರೆ ಸಾಮಾನು ಹೇರಿದ ಪಿಕಪ್‌ನಲ್ಲಿ. ನಗರದೊಳಗೆ 70, 60, 60. ಅಲ್ಲಿ ಡಿವೈಡರ್ ಕಂಡಿತೆಂದು 100ರ ಲೆಕ್ಕ ಹಿಡಿಯಬಾರದು, ನಗರದ ಎಲ್ಲೆಯೊಳಗೆ ರಸ್ತೆ ಎಷ್ಟೇ ಅಗಲವಿದ್ದರೂ ಏಳು, ಆರು, ಐದೇ. ತುಮಕೂರಿನ ಆಚೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ 100, 90, 80. ಹಿರಿಯೂರಿನ ಬಳಿ ಹೆದ್ದಾರಿ ಬಿಟ್ಟು ಡಿವೈಡರ್ ಇಲ್ಲದ ಎರಡು ಪಥದ ಹಳ್ಳಿ ರಸ್ತೆಗೆ ತಿರುಗಿದರೆ ಮತ್ತೆ 70, 60, 60. ಇನೋವಾ ಚಾಲಕ ಒಂದೇ ತಿರುವಿನಲ್ಲಿ 30 ಕಿ.ಮೀ. ಇಳಿಸಬೇಕು. ಬಹುಹೊತ್ತು 100ರಲ್ಲಿ ಓಡಿಸಿದ ಕಣ್ಣಿಗೆ 80 ಕೂಡ ತೆವಳಿದಂತೆ ಕಾಣುತ್ತದೆ, ಆದ್ದರಿಂದ ಇಲ್ಲಿ ಅಂದಾಜು ಬಿಟ್ಟು ಸ್ಪೀಡೋಮೀಟರನ್ನೇ ನೋಡಬೇಕು. 100ರಲ್ಲಿ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ 70ರಲ್ಲಿ ಬೇಕಾಗುವುದರ ಸುಮಾರು ಎರಡರಷ್ಟು. ಎದುರಿನಿಂದ ಟ್ರ್ಯಾಕ್ಟರ್ ಬರುವ, ಬದಿಯಿಂದ ದನ ನುಗ್ಗುವ ರಸ್ತೆಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ.

ಇಷ್ಟೆಲ್ಲ ಲೆಕ್ಕವೂ ಗರಿಷ್ಠ ಮಿತಿಯದು. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಯಾವುದೇ ರಸ್ತೆಗೆ ಇನ್ನೂ ಕಡಿಮೆ ಮಿತಿ ಹಾಕಬಹುದು. ಜನ ಎಕ್ಸ್‌ಪ್ರೆಸ್‌ ವೇ ಎಂದೇ ಕರೆಯುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿ 100, 120 ಅಲ್ಲ. ಅದರ ಮುಖ್ಯ ಪಥಗಳಿಗೆ 2023ರ ಆಗಸ್ಟ್‌ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಪ್ರವೇಶವೂ ನಿಂತಿದೆ, ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಆದ್ದರಿಂದ ಕಡೆಯ ಹೆಜ್ಜೆ ಫಲಕ ಓದುವುದು. ಕೆಂಪು ವೃತ್ತದೊಳಗೆ 40 ಎಂದಿದ್ದರೆ ನಿಮ್ಮ ಮೂರು ಲೆಕ್ಕವೂ ಅಲ್ಲಿಗೆ ರದ್ದು, ಇನೋವಾಗೂ 40, ಲಾರಿಗೂ 40. ನೀಲಿ ವೃತ್ತದಲ್ಲಿ ಅಂಕಿಯಿದ್ದರೆ ಅದು ಕನಿಷ್ಠ ವೇಗ, ಅದಕ್ಕಿಂತ ನಿಧಾನ ಹೋಗಬಾರದು ಎಂದರ್ಥ. ಇವೆರಡನ್ನು ಅದಲು ಬದಲು ಮಾಡಿಕೊಳ್ಳುವವರು ಬಹಳ. ಕೆಂಪು ವೃತ್ತದ ಮಿತಿ ಬಿಳಿ ವೃತ್ತಕ್ಕೆ ಓರೆಯಾದ ಕಪ್ಪು ಪಟ್ಟೆ ಎಳೆದ ಫಲಕ ಬಂದಲ್ಲಿ ಮುಗಿಯುತ್ತದೆ, ಅಲ್ಲಿಂದ ಮುಂದೆ ಮತ್ತೆ ಇಳಿಲೆಕ್ಕ.