ಕೋತಿ, ಮಾವಿನ ಮರ ಮತ್ತು ವರ್ತಮಾನ ಕಾಲ: ನನ್ನ ಫ್ರೆಂಚ್ ಕಥೆ ಕೊನೆಗೂ ಕೆಲಸ ಮಾಡಿತು

ಮಲಗುವಾಗ ಓದುವ ಪುಟ್ಟ ಫ್ರೆಂಚ್ ಕಥೆ. ಪೂರ್ತಿ ವರ್ತಮಾನ ಕಾಲದಲ್ಲೇ ಇರಬೇಕು. ಅದನ್ನು ಫ್ರೆಂಚ್ ಒಂದಕ್ಷರವೂ ಗೊತ್ತಿಲ್ಲದ ಅಮ್ಮನೋ ಅಜ್ಜಿಯೋ ಓದಿ ಹೇಳಬೇಕು. ಇದು ಆಗುವ ಮಾತಲ್ಲ ಅಂತ ಬೆಂಗಳೂರಿನಲ್ಲಿ ನನ್ನ ಹಾಗೇ ಮಕ್ಕಳಿಗೆ ಫ್ರೆಂಚ್ ಟ್ಯೂಷನ್ ಹೇಳುವ ಗೆಳತಿಯರು ಹೇಳಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ಪುಸ್ತಕದ ಪ್ರತಿಗಳನ್ನು ದುಡ್ಡು ಕೊಟ್ಟು ತಗೊಂಡು ಹೋಗಿದ್ದಾರೆ. ಅದಕ್ಕೇ ಬರೀತಿದ್ದೇನೆ. ನೀವೂ ಟ್ಯೂಷನ್ ಹೇಳುವವರೇ ಅಂದುಕೊಂಡು ವ್ಯಾಕರಣದ ಪಾಠ ಬಿಟ್ಟುಬಿಡುತ್ತೇನೆ.

ವರ್ತಮಾನ ಕಾಲವೇ ಯಾಕೆ ಅಂದರೆ ನನ್ನ ಹತ್ತಿರ ಬರುವ ಐದು, ಆರನೇ ಕ್ಲಾಸಿನ ಮಕ್ಕಳಿಗೆ ಬರುವುದು ಅದೊಂದೇ. ಫ್ರೆಂಚ್ ಕಥೆಪುಸ್ತಕಗಳು ಮೊದಲ ಸಾಲಿಗೇ ಕೈ ಕೊಡುತ್ತವೆ. 'ಇಲೇತೇ ಯೂನ್ ಫ್ವಾ', ಅಂದರೆ ನಮ್ಮ 'ಒಂದಾನೊಂದು ಕಾಲದಲ್ಲಿ', ಅದೇ ಭೂತಕಾಲ. ಮುಂದಿನ ಸಾಲುಗಳಲ್ಲಿ ಇನ್ನೊಂದು ಭೂತಕಾಲ, ಅದೂ ಮಾತಲ್ಲಿ ಯಾರೂ ಬಳಸದ್ದು. ಮಗು ಪುಸ್ತಕ ಮುಚ್ಚದೆ ಇನ್ನೇನು ಮಾಡುತ್ತೆ?

ಸರಿ, ನಾನೇ ಬರೆಯೋಣ ಅಂತ ಕೂತೆ. ಕೋತಿ, ಮಾವಿನ ಮರ ಮೊದಲೇ ನಿಶ್ಚಯವಾಗಿತ್ತು, ಸದ್ದಿನ ಕಾರಣಕ್ಕೆ. ಕೋತಿ 'ಸ್ಯಾಂಜ್', ಮಾವಿನ ಹಣ್ಣು 'ಮಾಂಗ್', ತಿನ್ನುತ್ತೆ ಅನ್ನೋದು 'ಮಾಂಜ್', ಮಾವಿನ ಮರ 'ಮಾಂಗ್ಯೇ'. ಲ ಸ್ಯಾಂಜ್ ಮಾಂಜ್ ಲಾ ಮಾಂಗ್. ಹೇಳಿ ನೋಡಿ, ನಾಲಿಗೆಗೆ ಆಟ ಸಿಕ್ಕ ಹಾಗಿದೆ. ಮಕ್ಕಳು ಇದನ್ನು ನಾನು ಹೇಳಿಕೊಡದೆಯೇ ಜೋರಾಗಿ ಹೇಳಿಕೊಂಡು ಓಡಾಡುತ್ತಾರೆ.

ಮೊದಲ ಕಥೆ ಹೀಗಿತ್ತು: ಕೋತಿ ಹಣ್ಣು ಕದಿಯುತ್ತೆ, ತೋಟದ ಅಜ್ಜ ಬೆಳಿಗ್ಗೆ ಬಂದು ನೋಡುತ್ತಾನೆ. ಅಲ್ಲಿಗೆ ನಿಂತಿತು. ಯಾಕೆಂದರೆ ಅಜ್ಜ 'ನನ್ನ ಹಣ್ಣು ಯಾರು ತಿಂದರು' ಅಂತ ಕೇಳಲೇಬೇಕು, ಅದು 'ಕಿ ಆ ಮಾಂಜೇ ಮಾ ಮಾಂಗ್' ಆಗುತ್ತೆ, ಭೂತಕಾಲ. ಅದನ್ನೇ ವರ್ತಮಾನಕ್ಕೆ ತಿರುಗಿಸಿದರೆ 'ನನ್ನ ಹಣ್ಣು ಯಾರು ತಿನ್ನುತ್ತಿದ್ದಾರೆ' ಅನ್ನೋ ಅರ್ಥ ಬರುತ್ತೆ, ಕಳ್ಳ ಎದುರಿಗೇ ಇದ್ದ ಹಾಗೆ. ಟೋಪಿ ಮಾರುವವನ ಕಥೆಯನ್ನೂ ಹಿಡಿದೆ, ಅವನು ಎದ್ದು 'ಟೋಪಿ ಎಲ್ಲಿ ಹೋದವು' ಅನ್ನುವ ಹೊತ್ತಿಗೆ ಅದೇ ತೊಂದರೆ. ಮೊಸಳೆ ಕಥೆ ಮಾತ್ರ ಅಚ್ಚರಿ. 'ಹೃದಯವನ್ನು ಮರದಲ್ಲೇ ಬಿಟ್ಟು ಬಂದೆ' ಅನ್ನೋದನ್ನು 'ನನ್ನ ಹೃದಯ ಮರದಲ್ಲಿದೆ' ಅಂದರೆ ವರ್ತಮಾನದಲ್ಲೇ ಕೆಲಸ ಆಗುತ್ತೆ. ಆದರೆ ಹೃದಯ ತಿನ್ನುವ ಮೊಸಳೆಯನ್ನು ಮಲಗುವ ಹೊತ್ತಿಗೆ ಯಾಕೆ ತರೋದು ಅಂತ ಬಿಟ್ಟೆ.

ಅಷ್ಟು ಹಾಳೆ ಹರಿದ ಮೇಲೆ ಹೊಳೆದಿದ್ದು ಇಷ್ಟು. ವರ್ತಮಾನದ ಕಥೆಯಲ್ಲಿ ಯಾರೂ ಹಿಂದೆ ತಿರುಗಿ ನೋಡಬಾರದು. ಕಳ್ಳತನ, ಕಳೆದುಹೋದ ವಸ್ತು, ಗುಟ್ಟು, ಇವು ಮೂರೂ ಹಿಂದೆ ನಡೆದದ್ದನ್ನು ಕೇಳುತ್ತವೆ. ನಡೆದದ್ದನ್ನು ಹೇಳುವ ಬದಲು ಉಳಿದದ್ದನ್ನು ತೋರಿಸಿದರೆ ಸಾಕು. ಫ್ರೆಂಚಿನಲ್ಲಿ ಅದಕ್ಕೆ ಒಂದು ಚಿನ್ನದಂಥ ಮಾತಿದೆ, 'ಇಲ್ ರೆಸ್ತ್', ಅಂದರೆ 'ಇಷ್ಟು ಉಳಿದಿದೆ'. ಕೋತಿ ಒಂದು ಹಣ್ಣು ತಿಂದಿತು ಅಂತ ಹೇಳುವ ಗೋಜೇ ಇಲ್ಲ. ಇಲ್ ರೆಸ್ತ್ ಕಾತ್ರ್ ಮಾಂಗ್, ನಾಲ್ಕು ಉಳಿದಿವೆ. ತಿಂದಿದ್ದು ಮಗುವಿಗೆ ತಾನಾಗಿ ಗೊತ್ತಾಗುತ್ತೆ. ಎಣಿಕೆ ಇಳಿಯುತ್ತಾ ಹೋದಂತೆ ಕಣ್ಣೂ ಎಳೆಯುತ್ತೆ. ಅಂಕಿಗಳ ಪಾಠವೂ ಆಗಿಹೋಯಿತು.

ಇನ್ನೊಂದು ಅಂಥದ್ದೇ. ನಮ್ಮ ಕಡೆ ಕೋತಿಗಳನ್ನು ನೋಡಿದ್ದೀರಲ್ಲ, ಸಿಕ್ಕಿದ್ದನ್ನೆಲ್ಲ ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಆಮೇಲೆ ಆರಾಮಾಗಿ ತಿನ್ನುತ್ತವೆ. ಹಾಗಾಗಿ 'ಸೆ ಜೂ ಸೋಂ ರೋಂದ್', ಅದರ ಕೆನ್ನೆ ದುಂಡಗಿದೆ. ಒಂದೇ ಸಾಲು, ಹೊಟ್ಟೆ ತುಂಬಿದ ಕಥೆಯೆಲ್ಲ ಅದರೊಳಗೆ.

ಈಗ ಇರುವ ರೂಪದ ಮುಖ್ಯ ಸಾಲುಗಳು ಇವು. ಮಧ್ಯದ ನಾಲ್ಕೈದು ಸಾಲು ಕೊಟ್ಟಿಲ್ಲ, ಅವು ಪುಸ್ತಕದಲ್ಲೇ ಇರಲಿ.

ಸೆ ಲ ಸ್ವಾರ್. ಸಂಜೆಯಾಗಿದೆ.
ಲ ಮಾಂಗ್ಯೇ ಎ ಗ್ರಾಂ. ಲ ಸ್ಯಾಂಜ್ ಎ ಪ್ತಿ. ಮಾವಿನ ಮರ ದೊಡ್ಡದು. ಕೋತಿ ಚಿಕ್ಕದು.
ಇಲಾ ಫ್ಯಾಂ. ಇಲ್ ಗ್ರ್ಯಾಂಪ್. ಅದಕ್ಕೆ ಹಸಿವು. ಅದು ಹತ್ತುತ್ತೆ.
ಇಲ್ಯಾ ಸ್ಯಾಂಕ್ ಮಾಂಗ್. ಐದು ಹಣ್ಣಿವೆ.
ಲ ಸ್ಯಾಂಜ್ ಮಾಂಜ್ ಲಾ ಮಾಂಗ್. ಇಲ್ ರೆಸ್ತ್ ಕಾತ್ರ್ ಮಾಂಗ್. ಕೋತಿ ಹಣ್ಣು ತಿನ್ನುತ್ತೆ. ನಾಲ್ಕು ಉಳಿದಿವೆ.
ಇಲ್ ರೆಸ್ತ್ ಯೂನ್ ಮಾಂಗ್. ಲ ಸ್ಯಾಂಜ್ ಬಾಯ್. ಒಂದು ಉಳಿದಿದೆ. ಕೋತಿ ಆಕಳಿಸುತ್ತೆ.
ಬೊನ್ ನ್ವಿ, ಮಾಂಗ್. ಆ ದಮ್ಯಾಂ. ಶುಭರಾತ್ರಿ, ಹಣ್ಣೇ. ನಾಳೆ ಸಿಗೋಣ.
ಲ ಸ್ಯಾಂಜ್ ದೋರ್. ಲಾ ಮಾಂಗ್ ಆತಾಂ. ಕೋತಿ ಮಲಗಿದೆ. ಹಣ್ಣು ಕಾಯುತ್ತಿದೆ.

ಆಕಳಿಸುವ ಸಾಲಿನ ಹತ್ತಿರ ಪುಸ್ತಕದಲ್ಲಿ ಏನೂ ಸೂಚನೆ ಹಾಕಿಲ್ಲ, ಆದರೂ ಓದುವವರು ನಿಜವಾಗಿ ಬಾಯಿ ತೆರೆಯುತ್ತಾರೆ, ಮಗುವೂ ತೆರೆಯುತ್ತೆ. ಆ ಸಾಲನ್ನು ನಾನು ಯಾವ ಕಾರಣಕ್ಕೂ ತೆಗೆಯಲ್ಲ.

ಈಗ ಗಲಾಟೆ ಆಗಿದ್ದ ಭಾಗಕ್ಕೆ ಬರೋಣ, ಕನ್ನಡ ಅಕ್ಷರ. 'ಕನ್ನಡದಲ್ಲಿ ಬರೆದರೆ ಉಚ್ಚಾರಣೆ ಕೆಡುತ್ತೆ ಕಣೇ' ಅಂತ ಎಲ್ಲರೂ ಅಂದರು. ನಾನು ಕಂಡಿದ್ದು ಉಲ್ಟಾ. ಇಂಗ್ಲಿಷ್ ಓದಿದ ಅಮ್ಮಂದಿರು ಫ್ರೆಂಚ್ ಕಾಗುಣಿತ ನೋಡಿದರೆ ಮಾವಿನ ಮರವನ್ನು 'ಮ್ಯಾಂಗಿಯರ್' ಅನ್ನುತ್ತಾರೆ, 'ಅವು ತಿನ್ನುತ್ತವೆ' ಅನ್ನೋದನ್ನು 'ಮ್ಯಾಂಜೆಂಟ್' ಅನ್ನುತ್ತಾರೆ. ಕೊನೆಯ ಅಕ್ಷರಗಳು ಬಾಯಿಗೆ ಬರಲೇಬಾರದು ಅಂತ ಯಾರು ಎಷ್ಟು ಸಲ ಹೇಳಿಕೊಡೋದು? ಅದೇ ಕನ್ನಡದಲ್ಲಿ ಇಟ್ಟರೆ ಇದ್ದದ್ದನ್ನು ಇದ್ದ ಹಾಗೆ ಓದುತ್ತಾರೆ. ಇನ್ನೊಂದು ಲಾಭ, ಫ್ರೆಂಚಿನ ತ, ದ ನಮ್ಮ ತ, ದ ಹಾಗೇ ಹಲ್ಲಿಗೆ ತಾಗಿ ಬರುತ್ತವೆ, ಇಂಗ್ಲಿಷಿನ ಟ, ಡ ಹಾಗಲ್ಲ. 'ರೆಸ್ತ್', 'ದೋರ್' ಎರಡೂ ಕನ್ನಡದ ಅಜ್ಜಿಯ ಬಾಯಲ್ಲಿ ಸಲೀಸು.

ಕಷ್ಟ ಕೊಟ್ಟಿದ್ದು ಸೊನ್ನೆ. ನಾವು ಸೊನ್ನೆಯನ್ನು ಮುಂದಿನ ಅಕ್ಷರಕ್ಕೆ ತಕ್ಕಂತೆ ಓದುತ್ತೇವೆ. 'ಮಾಂಗ್' ಅಂದರೆ 'ಮಾಙ್ಗ್' ಆಗುತ್ತೆ, ನಾಲಿಗೆಯ ಹಿಂಭಾಗ ಮೇಲೆ ತಾಗುತ್ತೆ. 'ಮಾಂಜ್' ಅಂದರೆ 'ಮಾಞ್ಜ್'. ಫ್ರೆಂಚಿನಲ್ಲಿ ಆ ತಾಗುವಿಕೆ ಇಲ್ಲ, 'ಆ' ಅನ್ನುವಾಗಲೇ ಗಾಳಿ ಮೂಗಿನಲ್ಲಿ ಹೋಗಬೇಕು ಅಷ್ಟೆ. ಪುಸ್ತಕದಲ್ಲಿ ಸೊನ್ನೆ ತೆಗೆದು ಹಿಂದಿಯ ಹಾಗೆ ಮೇಲೆ ಅರ್ಧಚಂದ್ರ, ಬೊಟ್ಟು ಇಟ್ಟೆ. ಇಲ್ಲಿ ಓದಲು ಸುಲಭ ಆಗಲಿ ಅಂತ ಮಾಮೂಲಿ ಸೊನ್ನೆ ಹಾಕಿದ್ದೇನೆ. ಸರಿಯಾಗಿ ಬರುತ್ತಿದೆಯಾ ಅಂತ ತಿಳಿಯೋದು ಸುಲಭ. 'ಗ್ರಾಂ' ಅಂತ ಹೇಳಿಸಿ, ಕೊನೆಯಲ್ಲಿ ತುಟಿ ಮುಚ್ಚಿದರೆ 'ಗ್ರಾಮ್' ಆಗಿದೆ ಅಂತ ಅರ್ಥ. ತುಟಿ ತೆರೆದೇ ಇರಬೇಕು. ಇದನ್ನು ಸರಿ ಮಾಡಿಸಲು ನನ್ನದೊಂದು ಉಪಾಯ ಇದೆ, ಐದು ನಿಮಿಷದಲ್ಲಿ ಬರುತ್ತೆ, ಅದನ್ನು ಮಾತ್ರ ಇಲ್ಲಿ ಹೇಳಲ್ಲ. ನನ್ನ ಕ್ಲಾಸು ನಡೆಯೋದೇ ಅದರ ಮೇಲೆ.

ಕನ್ನಡ ಅಕ್ಷರಕ್ಕೆ ಸಿಗದ ಸ್ವರವೂ ಇದೆ. 'ಯೂನ್' ಅಂತ ಬರೆದಿದ್ದೇನಲ್ಲ, ನಿಜವಾಗಿ ನಾಲಿಗೆ 'ಈ' ಅನ್ನುವ ಜಾಗದಲ್ಲಿದ್ದು ತುಟಿ 'ಊ' ಅನ್ನಬೇಕು. ಅದಕ್ಕೆ ಇಡೀ ಕಥೆಯಲ್ಲಿ ಆ ಸ್ವರ ಆದಷ್ಟು ಕಡಿಮೆ ಬರುವ ಹಾಗೆ ಬರೆದೆ. ಇದೂ ಒಂದು ಕೆಲಸವೇ. ಕೋತಿ ಮರದ ಮೇಲಿದೆ ಅನ್ನಲು ನಮ್ಮವರೆಲ್ಲ ಆ ಸ್ವರ ಇರುವ 'ಸ್ಯೂರ್' ಹಾಕುತ್ತಾರೆ. ಫ್ರೆಂಚರು ಕೋತಿಯನ್ನಾಗಲಿ ಹಕ್ಕಿಯನ್ನಾಗಲಿ ಮರದ ಮೇಲೆ ಕೂರಿಸಲ್ಲ, ಮರದೊಳಗೆ ಕೂರಿಸುತ್ತಾರೆ, 'ದಾಂ'. ಭಾಷೆಯೂ ಸರಿಯಾಯಿತು, ಸ್ವರವೂ ತಪ್ಪಿತು.

ನಡುವೆ ಎರಡು ಕೋತಿ ಹಾಕಿಯೂ ನೋಡಿದೆ. ಜಗಳ ಇದ್ದರೆ ಮಜಾ ಅಂತ. ಆದರೆ ಅದು ತಿನ್ನುತ್ತೆ ಅಂದರೂ ಅವು ತಿನ್ನುತ್ತವೆ ಅಂದರೂ ಕಿವಿಗೆ ಒಂದೇ, 'ಇಲ್ ಮಾಂಜ್'. ಬರೆದಾಗ ಮಾತ್ರ ಬೇರೆ. ಕತ್ತಲಲ್ಲಿ ಕೇಳುತ್ತಿರುವ ಮಗುವಿಗೆ ತಿನ್ನುತ್ತಿರುವುದು ಒಂದಾ ಎರಡಾ ಅಂತ ಗೊತ್ತೇ ಆಗಲ್ಲ. 'ಇಷ್ಟಪಡುತ್ತವೆ' ಅಂದಾಗ ಮಧ್ಯೆ 'ಜ್' ಸದ್ದು ನುಗ್ಗಿ 'ಇಲ್ ಜೆಮ್' ಆಗುತ್ತೆ, ಅದು ಬೇರೆ ಗೊಂದಲ. ಒಂದೇ ಕೋತಿಗೆ ವಾಪಸ್ ಬಂದೆ. ಒಬ್ಬಳು ಹುಡುಗಿ ಹೆಣ್ಣು ಕೋತಿ ಬೇಕು ಮಿಸ್ ಅಂದಳು. ಅದಕ್ಕೆ 'ಗನೋಂ' ಅಂತ ಬೇರೆಯೇ ಪದ ಇದೆ. ಅದು ಬಂದರೆ 'ಸ್ಯಾಂಜ್ ಮಾಂಜ್' ಪ್ರಾಸ ಹೋಯಿತು. ಅವಳ ಪ್ರತಿಯ ಚಿತ್ರದಲ್ಲಿ ಕೋತಿಗೆ ಜಡೆ ಬರೆದುಕೊಟ್ಟೆ, ಒಪ್ಪಿದಳು.

ದುಡ್ಡಿನ ವಿಷಯ. ಚಿತ್ರ ಬರೆಯುವ ಹುಡುಗನೊಬ್ಬ ಆರು ಸಾವಿರ ಕೇಳಿದ, ಮುಂಗಡ ತಗೊಂಡು ಪತ್ತೆಯಿಲ್ಲ, ಎರಡು ಸಾವಿರ ಹೋಯಿತು. ಆಮೇಲೆ ನಾನೇ ಗೆರೆಚಿತ್ರ ಹಾಕಿದೆ. ನಾಲ್ಕು ಎ4 ಹಾಳೆ ಮಡಚಿ ಮಧ್ಯೆ ಪಿನ್ ಹೊಡೆದರೆ 16 ಪುಟ. ಬಣ್ಣದಲ್ಲಿ ಒಂದು ಪ್ರತಿಗೆ ತೊಂಬತ್ತರ ಹತ್ತಿರ ಹೇಳಿದರು, ಕಪ್ಪು ಬಿಳುಪಿನಲ್ಲಿ ಇಪ್ಪತ್ತು, ಇಪ್ಪತ್ತೈದಕ್ಕೆ ಮುಗಿಯಿತು. ಬಣ್ಣ ಇಲ್ಲದಿದ್ದೇ ಒಳ್ಳೆಯದಾಯಿತು. ಮಕ್ಕಳು ಹಗಲಲ್ಲಿ ಹಣ್ಣಿಗೆ ಬಣ್ಣ ತುಂಬುತ್ತಾರೆ, ಆಗ ಎಡಗಡೆ ಇರುವ ಫ್ರೆಂಚ್ ಅಕ್ಷರದ ಪುಟವೂ ಕಣ್ಣಿಗೆ ಬೀಳುತ್ತೆ. ರಾತ್ರಿ ಓದೋದು ಬಲಗಡೆಯ ಕನ್ನಡದ ಪುಟ. ನೂರು ರೂಪಾಯಿಗೆ ಕೊಡುತ್ತೇನೆ, ಹೋದ ಹುಡುಗನ ದುಡ್ಡು ಯಾವತ್ತೋ ವಾಪಸ್ ಬಂತು.

ಒಂದು ಮಿತಿ ಹೇಳಲೇಬೇಕು. ಕೇಳಿ ಕಲಿತ ಮಕ್ಕಳಿಗೆ ಕಾಗುಣಿತ ಬರಲ್ಲ. ಉಕ್ತಲೇಖನ ಕೊಟ್ಟರೆ ಹಣ್ಣನ್ನೂ ತಿನ್ನೋದನ್ನೂ ಒಂದೇ ಥರ ಬರೆಯುತ್ತಾರೆ, 'ಗ್' ಸದ್ದು ಉಳಿಯಲು ನಡುವೆ ಒಂದು ಅಕ್ಷರ ಜಾಸ್ತಿ ಬೇಕು ಅನ್ನೋದು ಕಿವಿಯಿಂದ ತಿಳಿಯುವಂಥದ್ದಲ್ಲ. ಅದಕ್ಕೆ ಬೇರೆ ಕೂರಿಸಲೇಬೇಕು. ಆದರೆ 'ಇಲ್ ಎ ಮಾಂಜ್' ಅಂತ ಇಂಗ್ಲಿಷಿನ ಹಾಗೆ ಮಧ್ಯೆ ಒಂದು 'ಎ' ತುರುಕುವ ಅಭ್ಯಾಸ, ನಾವೆಲ್ಲ ಕೆಂಪು ಪೆನ್ನು ಸವೆಸುವ ತಪ್ಪು, ಈ ಕಥೆ ಕೇಳಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಇಲ್ಲವಾಗಿದೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಇನ್ನೊಂದು ಇನ್ನೂರು ಪ್ರತಿ ಹಾಕಿಸುತ್ತಿದ್ದೇನೆ, ಈ ಸಲ ಕನ್ನಡದ ಅಕ್ಷರ ಇನ್ನೂ ಸ್ವಲ್ಪ ದಪ್ಪ ಮಾಡಿಸಿ. ಅಜ್ಜಿಯರು ಕೇಳಿದ್ದಾರೆ.