ಫ್ಲೆಕ್ಸ್ ಮೇಲಿನ ಮುಖ ಬಿಟ್ಟು ಮಾತಾಡುವವರ ಮುಖ ಹಿಡಿದದ್ದು

ವೇದಿಕೆ ಭಾಷಣದ ಅಡ್ಡ ವಿಡಿಯೊವನ್ನು ರೀಲ್ಸ್‌ಗೆ ಬೇಕಾದ ಲಂಬ ವಿಡಿಯೊ ಆಗಿ ಸಾಫ್ಟ್‌ವೇರ್‌ನಿಂದಲೇ ಕತ್ತರಿಸುವುದು ನಮ್ಮ ಸಮಾರಂಭಗಳಲ್ಲಿ ಆಗದ ಮಾತು ಎಂದವರೇ ಹೆಚ್ಚು. ಕಾರಣ ಹಿಂದಿನ ಫ್ಲೆಕ್ಸ್. ಅದರಲ್ಲಿ ಅತಿಥಿಗಳ ಮುಖ ನಿಜವಾದ ಮುಖಕ್ಕಿಂತ ದೊಡ್ಡದು. ದೊಡ್ಡ ಮುಖವೇ ಭಾಷಣಕಾರ ಎಂದುಕೊಳ್ಳುವ ಸಾಫ್ಟ್‌ವೇರ್ ಫ್ಲೆಕ್ಸನ್ನೇ ಫ್ರೇಮಿನ ನಡುವೆ ಕೂರಿಸುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಎರಡು ಸಾವಿರ ತೆಗೆದುಕೊಳ್ಳುವ ಸೇವೆಯೊಂದೂ ಅದನ್ನೇ ಮಾಡಿತು.

ಟ್ರೈಪಾಡ್ ಮೇಲಿನ ಕ್ಯಾಮೆರಾದಲ್ಲಿ ಅಚ್ಚಾದ ಮುಖ ಅಲುಗುವುದಿಲ್ಲ, ನಿಂತ ಮನುಷ್ಯ ಅಲುಗುತ್ತಾನೆ. ಓಪನ್‌ಸಿವಿಯ ಯುನೆಟ್ ಎಂಬ ಮುಖ ಪತ್ತೆ ಮಾದರಿಯಿಂದ ಐದು ಫ್ರೇಮಿಗೊಮ್ಮೆ ಮುಖ ಹುಡುಕಿ, ಹತ್ತಿರ ಹತ್ತಿರ ಸಿಕ್ಕವನ್ನು ಒಂದೇ ಮುಖವೆಂದು ಜೋಡಿಸಿದೆ. ಅರ್ಧ ನಿಮಿಷದಲ್ಲಿ ಸುಮಾರು ಎರಡು ಪಿಕ್ಸೆಲ್ ಕೂಡ ಸರಿಯದ ಮುಖಗಳೆಲ್ಲ ಔಟ್. ಹುಡುಕುವ ಮುನ್ನ ಫ್ರೇಮಿನ ಅಗಲವನ್ನು 960 ಪಿಕ್ಸೆಲ್‌ಗೆ ಇಳಿಸಿದರೆ ಸಾಕು. 640ಕ್ಕೆ ಇಳಿಸಿದಾಗ ದೂರದ ಮುಖಗಳು ತಪ್ಪಿದವು. ಕ್ಯಾಮೆರಾ ಕೈಯಲ್ಲಿದ್ದರೆ ಈ ಉಪಾಯ ನಡೆಯದು. ಭಾಷಣಕಾರರು ಪರದೆಯತ್ತ ತಿರುಗಿ ಮುಖ ಕಾಣದಾದಾಗ ಕ್ರಾಪ್ ಇದ್ದಲ್ಲೇ ಇರಲಿ, ನಡುವಿಗೆ ಮರಳಬಾರದು. ಮತ್ತೆ ಸಿಕ್ಕ ಮುಖ ಅವರದೇ ಎಂದು ಗುರುತಿಸುವ ಬಗೆ ಸದ್ಯಕ್ಕೆ ನನ್ನಲ್ಲೇ ಇರಲಿ.

ಆಮೇಲಿನ ತೊಂದರೆ ನಡುಕ. ಮುಖದ ಹಿಂದೆಯೇ ಫ್ರೇಮ್ ಓಡಿದರೆ ನೋಡುವವರಿಗೆ ತಲೆಸುತ್ತು. ಮುಖ ಇರುವ ಜಾಗದ ಸರಾಸರಿ ತೆಗೆದು ನೋಡಿದೆ. ನಡುಕ ಹೋಯಿತು, ಆದರೆ ಫ್ರೇಮ್ ಸದಾ ತೇಲುತ್ತಿತ್ತು. ಕೊನೆಗೆ ಮುಖ ಕ್ರಾಪ್‌ನ ನಡುವಿನ ಮೂರನೇ ಒಂದು ಭಾಗದೊಳಗೆ ಇರುವಷ್ಟು ಹೊತ್ತು ಕದಲಬೇಡ ಎಂದಿಟ್ಟೆ. ಹೊರಗೆ ಹೋಗಿ ಒಂದು ಸೆಕೆಂಡು ಅಲ್ಲೇ ಉಳಿದರೆ ಮಾತ್ರ ಸರಿಯಬೇಕು. ಮುಂದಿನ ಫ್ರೇಮ್‌ಗಳೂ ಕೈಯಲ್ಲೇ ಇರುವುದರಿಂದ, ಅವರು ಹೆಜ್ಜೆ ಇಡುವ ತುಸು ಮೊದಲೇ ಫ್ರೇಮ್ ಹೊರಡುತ್ತದೆ. ಕೈಯಿಂದ ಕೀಫ್ರೇಮ್ ಹಾಕಿದ್ದೇ ಎಂದು ಎಡಿಟರೊಬ್ಬರು ಕೇಳಿದ್ದುಂಟು.

ಇಷ್ಟಾದರೂ ನಿಧಾನವಾಗಿ ಸರಿಯುವಾಗ ಚಿತ್ರ ಕುಪ್ಪಳಿಸುತ್ತಿತ್ತು. ಎಫ್‌ಎಫ್‌ಎಂಪೆಗ್‌ನ ಕ್ರಾಪ್ ಸಾಮಾನ್ಯ 4:2:0 ವಿಡಿಯೊದಲ್ಲಿ ಎರಡೆರಡು ಪಿಕ್ಸೆಲ್ ಜಿಗಿಯುತ್ತದೆ. 1920x1080 ವಿಡಿಯೊದಿಂದ 608 ಅಗಲ ಕತ್ತರಿಸಿ ಆಮೇಲೆ 1080 ಅಗಲಕ್ಕೆ ಹಿಗ್ಗಿಸಿದರೆ ಆ ಜಿಗಿತವೂ ಹಿಗ್ಗುತ್ತದೆ. ಹಾಗಾಗಿ ಮೊದಲು ಹಿಗ್ಗಿಸಿ, ನಂತರ ಕತ್ತರಿಸಿ:

```
ffmpeg -i in.mp4 -vf "scale=-2:1920,sendcmd=f=pan.txt,crop=1080:1920:1166:0,setsar=1" -c:a copy out.mp4
```

pan.txt ನಲ್ಲಿ ಪ್ರತಿ ಸಾಲು ಹೀಗೆ, ಮೊದಲು ಸೆಕೆಂಡು, ಕೊನೆಗೆ ಕ್ರಾಪ್‌ನ ಎಡ ಅಂಚು:

```
12.40 crop x 1770;
```

ಮೂಲ 1920 ಅಗಲದಲ್ಲಿ ಮುಖದ ನಡು 1300ರಲ್ಲಿದ್ದರೆ, ಹಿಗ್ಗಿಸಿದ ಪ್ರಮಾಣವಾದ 1.778ರಿಂದ ಗುಣಿಸಿ 2311. ಅದರಲ್ಲಿ ಅರ್ಧ ಅಗಲ 540 ಕಳೆದರೆ 1771, ಸಮಸಂಖ್ಯೆಗೆ 1770. ಮೊಬೈಲಿನ ವಿಡಿಯೊ ಆಗಿದ್ದರೆ ಫ್ರೇಮ್ ಎಣಿಸಿ ಸಮಯ ಹಾಕಬೇಡಿ. ಅದರ ಫ್ರೇಮ್ ದರ ಏರಿಳಿಯುವುದರಿಂದ ಹೋಗಹೋಗುತ್ತ ಕ್ರಾಪ್ ಹಿಂದೆ ಮುಂದೆ ಆಗುತ್ತದೆ. ಫ್ರೇಮಿನ ಟೈಮ್‌ಸ್ಟ್ಯಾಂಪ್‌ನ್ನೇ ಓದಿಕೊಳ್ಳಿ.

ಇಬ್ಬರ ಸಂವಾದಕ್ಕೆ ತುಟಿಯ ಚಲನೆ ಅಳೆದು ನೋಡಿದೆ. ನಗುವುದು, ನೀರು ಕುಡಿಯುವುದು ಎಲ್ಲವೂ ಮಾತೇ ಆಯಿತು. ಇಬ್ಬರ ಮೈಕ್ ಬೇರೆ ಬೇರೆ ಟ್ರ್ಯಾಕಿನಲ್ಲಿದ್ದರೆ ಯಾವುದರ ದನಿ ಜೋರೋ ಅತ್ತ ಕಟ್ ಮಾಡುವುದೇ ಸುಲಭ. ಒಂದೇ ಟ್ರ್ಯಾಕ್ ಇದ್ದ ಕೆಲಸವನ್ನು ಈಗಲೂ ಕೈಯಲ್ಲೇ ಮಾಡುತ್ತೇನೆ, ಅದಕ್ಕೆ ದರ ಬೇರೆ.