ಬಿಳಿ ತೆನೆ ಫೋಟೋ ಬಂದಾಗ

ಯಲಹಂಕಕ್ಕೆ ಬಂದ ಮೇಲೆ ಊರಿನ ಗದ್ದೆಯನ್ನು ನಾನು ಜಾಸ್ತಿ ನೋಡುವುದು ವಾಟ್ಸಾಪ್‌ನಲ್ಲೇ. ಕೃಷಿ ಓದಿದವನು ಅಂತ ಮನೆಯವರೆಲ್ಲ ನನಗೇ ಕಳಿಸುತ್ತಾರೆ. ಅಕ್ಟೋಬರ್ ಕೊನೆಯಲ್ಲಿ ಮದ್ದೂರಿನಿಂದ ಚಿಕ್ಕಪ್ಪನ ಫೋಟೋ ಬಂತು. ಹಸಿರು ಭತ್ತದ ನಡುವೆ ಅಲ್ಲಲ್ಲಿ ಬೆಳ್ಳಗೆ ನೆಟ್ಟಗೆ ನಿಂತ ತೆನೆಗಳು. ಹಿಂದೆಯೇ ಫೋನ್. "ಬೆಂಕಿ ರೋಗ ಬಿದ್ದದೆ ಕಣ್ಲಾ, ಯಾವ ಔಸ್ದಿ ಹೊಡೀಲಿ?"

ಬದುವಿನ ಮೇಲೆ ನಿಂತು ಸಂಜೆ ತೆಗೆದ ಫೋಟೋ ಅದು. ಅಂಥದ್ದನ್ನು ನಂಬಿ ನಾನು ಒಮ್ಮೆ ಕೆಟ್ಟಿದ್ದೇನೆ. ಎಲೆ ಹಳದಿ ಕಂಡಿತು, ಸತು ಕಮ್ಮಿಯಾಗಿದೆ ಅಂದುಬಿಟ್ಟೆ. ಮರುದಿನ ಬೆಳಗಿನ ಫೋಟೋದಲ್ಲಿ ಎಲೆ ಹಸಿರಾಗಿಯೇ ಇತ್ತು. ಹಳದಿ ಮುಳುಗುವ ಸೂರ್ಯನದು! ಈಗ ಗೊಬ್ಬರದ ಮಾತು ಬಂದರೆ ಹಳದಿ ಆಗಿರುವುದು ಕೆಳಗಿನ ಹಳೇ ಎಲೆಯೋ ಮೇಲಿನ ಹೊಸ ಎಲೆಯೋ ಅಂತ ಮೊದಲು ಕೇಳುತ್ತೇನೆ. ಸಾರಜನಕ ಸಾಲದಿದ್ದರೆ ಹಳೇ ಎಲೆಯೇ ಮೊದಲು ಹಳದಿಯಾಗುತ್ತದೆ.

ಬಿಳಿ ತೆನೆಯ ಕಷ್ಟ ಬೇರೆ. ಕುತ್ತಿಗೆ ಬೆಂಕಿ ರೋಗ ಬಂದರೂ ತೆನೆ ಜಳ್ಳಾಗಿ ಬಿಳಿಯಾಗುತ್ತದೆ, ಕಾಂಡ ಕೊರೆಯುವ ಹುಳು ತಿಂದರೂ ಹಾಗೇ. ದೂರದ ಫೋಟೋದಲ್ಲಿ ಎರಡೂ ಒಂದೇ ಥರ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಗದ್ದೆಗೆ ಇಳಿಯಿರಿ ಅಂದೆ. "ಹತ್ತು ಬಿಳಿ ತೆನೆ ಹಿಡಿದು ಮೆಲ್ಲಗೆ ಮೇಲಕ್ಕೆ ಎಳೀರಿ ಚಿಕ್ಕಪ್ಪ. ಸಲೀಸಾಗಿ ಬಂದಿದ್ದು ಒಂದು ಕಡೆ, ಬರದೇ ಇದ್ದಿದ್ದನ್ನು ಕುಯ್ದು ಇನ್ನೊಂದು ಕಡೆ ಇಡಿ. ಬಿಳಿ ಹಾಳೆ ಮೇಲೆ ಇಟ್ಟು ಹತ್ತಿರದಿಂದ ತೆಗೀರಿ." ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದಲ್ವಾ, ಅದಕ್ಕೆ ಡಾಕ್ಯುಮೆಂಟ್ ಮಾಡಿ ಕಳಿಸಲು ತಂಗಿಗೆ ಹೇಳಿದೆ.

ಏಳು ತೆನೆ ಸುಮ್ನೆ ಕೈಗೆ ಬಂದಿದ್ದವು. ಹಿಗ್ಗಿಸಿ ನೋಡಿದರೆ ಅವುಗಳ ಬುಡದ ತುದಿ ಹುಳು ಕಡಿದು ತರಿತರಿಯಾಗಿತ್ತು, ಕುತ್ತಿಗೆ ಶುಚಿಯಾಗಿತ್ತು. ಉಳಿದ ಮೂರರಲ್ಲಿ ತೆನೆ ಶುರುವಾಗುವ ಗೆಣ್ಣಿನ ಸುತ್ತ ಕಪ್ಪು ಕಂದಿನ ಪಟ್ಟಿ. ಅದು ಬೆಂಕಿ ರೋಗ. ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಹೆಚ್ಚಿನ ಪಾಲು ಹುಳುವಿನದು.

ಬೆಳ್ಳಗಾದ ತೆನೆಗೆ ಯಾವ ಔಷಧಿ ಹೊಡೆದರೂ ಕಾಳು ಕಟ್ಟುವುದಿಲ್ಲ. ಆ ಗದ್ದೆಗೆ ಖರ್ಚು ಬೇಡ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಏನಾದರೂ ಹೊಡೆಯಲೇಬೇಕು ಅನ್ನುವುದು ಅವರ ಜಾಯಮಾನ. ಹದಿನೈದು ದಿನ ತಡವಾಗಿ ನಾಟಿ ಮಾಡಿದ ಪಕ್ಕದ ಒಂದು ಎಕರೆಯಲ್ಲಿ ಆಗ ತೆನೆ ಹೊರಬರತೊಡಗಿತ್ತು. ರಾತ್ರಿ ಚಳಿ, ಬೆಳಿಗ್ಗೆ ಇಬ್ಬನಿ, ಮೇಲೆ ಅವರು ಯೂರಿಯಾ ಬೇರೆ ಧಾರಾಳವಾಗಿ ಹಾಕಿದ್ದರು. ಬೆಂಕಿ ರೋಗಕ್ಕೆ ಇನ್ನೇನು ಬೇಕು? ಅಲ್ಲಿಗೆ ಮಾತ್ರ ಬೆಂಕಿ ರೋಗದ ಔಷಧಿ ಟ್ರೈಸೈಕ್ಲಜೋಲ್ 75, ಲೀಟರಿಗೆ 0.6 ಗ್ರಾಂನಂತೆ, 200 ಲೀಟರ್ ನೀರಿಗೆ 120 ಗ್ರಾಂ ಹೊಡೆಸಿದೆವು. ಯೂರಿಯಾ ನಿಲ್ಲಿಸಿದರು.

ಮೊದಲ ಗದ್ದೆಯನ್ನು ನೆಲಕ್ಕೆ ಹತ್ತಿಸಿ ಕೊಯ್ದು, ಕೂಳೆ ಉತ್ತುಬಿಟ್ಟರು. ಹುಳು ಆ ಕೂಳೆಯೊಳಗೇ ಉಳಿದಿರುತ್ತದೆ.